ಹನ್ನೊಂದು ತಿಂಗಳ ಅಗ್ರಿಮೆಂಟ್, ಆರಕ್ಕೇ ಮನೆ ಖಾಲಿ: ಅಡ್ವಾನ್ಸ್ ಎಷ್ಟು ವಾಪಸ್ ಬರುತ್ತೆ?

ಇವತ್ತು ಬಾಡಿಗೆ ಮನೆ ವಿಚಾರ ಮಾತಾಡೋಣ. ನಮ್ಮ ಕಡೆ ‘ಲೀಸ್’ ಅಂದ್ರೆ ಲಕ್ಷಗಟ್ಟಲೆ ಭೋಗ್ಯದ ದುಡ್ಡು ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರೋದು. ನಾನು ಹೇಳ್ತಿರೋದು ಅದಲ್ಲ, ಅಡ್ವಾನ್ಸ್ ಕೊಟ್ಟು ತಿಂಗಳಾ ತಿಂಗಳಾ ಬಾಡಿಗೆ ಕಟ್ಟೋ ಮನೆ.

ಒಂದು ಉದಾಹರಣೆ ಇಟ್ಕೊಳ್ಳೋಣ. ಚನ್ನರಾಯಪಟ್ಟಣದಲ್ಲಿ ಶ್ರವಣಬೆಳಗೊಳ ರಸ್ತೆ ಕಡೆ ಒಂದು ಫ್ಲ್ಯಾಟ್. ಬಾಡಿಗೆ 8,000, ಅಡ್ವಾನ್ಸ್ 60,000. ಅಗ್ರಿಮೆಂಟ್ 2025ರ ಜೂನ್ 1ರಿಂದ 2026ರ ಏಪ್ರಿಲ್ 30ರವರೆಗೆ, ಹನ್ನೊಂದು ತಿಂಗಳು. (ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸೋದು.) ಸೆಪ್ಟೆಂಬರ್‌ನಲ್ಲಿ ಬಾಡಿಗೆದಾರನಿಗೆ ಮೈಸೂರಿನಲ್ಲಿ ಕೆಲಸ ಸಿಗುತ್ತೆ. ಓನರ್ ಅಂತಾರೆ: “ಅವಧಿ ಮುಗಿದಿಲ್ಲಪ್ಪ. ಉಳಿದ ಐದು ತಿಂಗಳ ಬಾಡಿಗೆ, ಪೇಂಟಿಂಗ್, ರಿಪೇರಿ ಎಲ್ಲ ಹಿಡ್ಕೊಂಡು ಮಿಕ್ಕಿದ್ದು ಕೊಡ್ತೀನಿ.” ಆ ಲೆಕ್ಕದಲ್ಲಿ ಕೈಗೆ ಬರೋದು 9,750 ರೂಪಾಯಿ.

ಇಲ್ಲಿ ಮೊದಲು ನೋಡಬೇಕಾದ್ದು ಅಗ್ರಿಮೆಂಟಿನಲ್ಲಿರೋ ನೋಟಿಸ್ ಸಾಲು. “ಉಭಯ ಪಕ್ಷದವರು ಎರಡು ತಿಂಗಳ ಮುಂಚಿತ ನೋಟಿಸ್ ಕೊಟ್ಟು ಕರಾರು ಮುಕ್ತಾಯಗೊಳಿಸಬಹುದು” ಅಂತ ಇದ್ದು, ಬೇರೆ ಕಡೆ ‘ಲಾಕ್-ಇನ್’ ಅವಧಿ ಅಂತ ಏನೂ ಬರೆದಿಲ್ಲದಿದ್ದರೆ, ಎರಡು ತಿಂಗಳ ಬಾಡಿಗೆ ಕಟ್ಟಿ ಹೊರಡಬಹುದು. ಉಳಿದ ಐದು ತಿಂಗಳ 40,000 ಕೇಳೋ ಹಕ್ಕು ಓನರ್‌ಗೆ ಇಲ್ಲ.

ಆ ಸಾಲೇ ಇಲ್ಲದಿದ್ರೆ ಕಷ್ಟ, ಅದನ್ನ ಮುಚ್ಚಿಡಲ್ಲ. ಆಗ ನೀವು ಏಪ್ರಿಲ್‌ವರೆಗೆ ಒಪ್ಪಿಕೊಂಡಿದ್ದೀರಿ ಅಂತಲೇ ಅರ್ಥ. ಆದ್ರೂ ಭಾರತೀಯ ಕರಾರು ಕಾಯ್ದೆಯ 73 ಮತ್ತು 74ನೇ ಕಲಂ ಪ್ರಕಾರ ಓನರ್ ಕೇಳಬಹುದಾದ್ದು ನ್ಯಾಯವಾದ ನಷ್ಟ ಪರಿಹಾರ ಅಷ್ಟೇ. ಮುಂದಿನ ತಿಂಗಳೇ ಬೇರೆಯವರು ಬಂದು ಸೇರಿದ್ರೆ ಐದು ತಿಂಗಳ ನಷ್ಟ ಎಲ್ಲಿಂದ ಬಂತು? ಹಾಗಾಗಿ ನೀವೇ ಒಬ್ಬ ಹೊಸ ಬಾಡಿಗೆದಾರರನ್ನ ಹುಡುಕಿ ಪರಿಚಯಿಸಿ, ಆ ಮೆಸೇಜ್ ಉಳಿಸ್ಕೊಳ್ಳಿ.

ಈಗ ನೋಟಿಸ್. ಫೋನಿನಲ್ಲಿ “ಅಂಕಲ್, ಖಾಲಿ ಮಾಡ್ತೀವಿ” ಅಂದಿದ್ದು ಆಮೇಲೆ ಲೆಕ್ಕಕ್ಕೆ ಸಿಗಲ್ಲ. ಒಂದು ಹಾಳೆಯಲ್ಲಿ ಬರೆದು ಸ್ಪೀಡ್ ಪೋಸ್ಟ್ ಮಾಡಿ, ಅದರ ಫೋಟೋನ ವಾಟ್ಸಾಪ್‌ನಲ್ಲೂ ಕಳಿಸಿ. ಅವಧಿ ಎಣಿಸೋದು ಅವರಿಗೆ ತಲುಪಿದ ದಿನದಿಂದ, ಆದ್ದರಿಂದ ನಾಲ್ಕು ದಿನ ಮುಂಚೆಯೇ ಹಾಕಿ. ಇಷ್ಟು ಸಾಕು:

“ಮಾನ್ಯರೇ, ದಿನಾಂಕ 1-6-2025ರ ಬಾಡಿಗೆ ಕರಾರಿನ ನೋಟಿಸ್ ಷರತ್ತಿನಂತೆ ಎರಡು ತಿಂಗಳ ನೋಟಿಸ್ ನೀಡುತ್ತಿದ್ದೇನೆ. ದಿನಾಂಕ 30-11-2025ರಂದು ಮನೆ ಖಾಲಿ ಮಾಡುತ್ತೇನೆ. ಅಲ್ಲಿಯವರೆಗಿನ ಬಾಡಿಗೆ ಪಾವತಿಸುತ್ತೇನೆ. ಅಂದು ಸಂಜೆ 5 ಗಂಟೆಗೆ ಮನೆ ಪರಿಶೀಲಿಸಿ, ಬೀಗದ ಕೈ ಪಡೆದು, ನನ್ನ ಮುಂಗಡ 60,000 ರೂ.ಗಳನ್ನು ಹಿಂದಿರುಗಿಸಬೇಕಾಗಿ ವಿನಂತಿ. ಕಡಿತ ಇದ್ದಲ್ಲಿ ಬಿಲ್ ಸಹಿತ ಲಿಖಿತವಾಗಿ ತಿಳಿಸಿ.”

“ಕೊನೇ ಎರಡು ತಿಂಗಳು ಬಾಡಿಗೆ ಕಟ್ಟಬೇಡ, ಅಡ್ವಾನ್ಸ್‌ನಲ್ಲೇ ಹಿಡ್ಕೊಳ್ಳಲಿ” ಅಂತ ಸ್ನೇಹಿತರು ಹೇಳೋದುಂಟು. ಓನರ್ ಒಪ್ಪಿ ಬರೆದುಕೊಟ್ಟರೆ ಸರಿ. ಇಲ್ಲದಿದ್ರೆ ಕರಾರು ಮುರಿದವರು ನೀವೇ ಆಗ್ತೀರಿ, ಅವರ ಕೈಗೆ ನೆಪ ಕೊಟ್ಟ ಹಾಗಾಗುತ್ತೆ.

ಕಡಿತದ ಲೆಕ್ಕಕ್ಕೆ ಬರೋಣ. ನೀರಿನ ಬಾಕಿ 450, ನೀವು ಒಡೆದ ವಾಶ್ ಬೇಸಿನ್ 1,800. ಇವೆರಡೂ ನ್ಯಾಯ. ಗೋಡೆ ಸ್ವಲ್ಪ ಮಂಕಾಗಿದೆ, ಮೊಳೆ ಹೊಡೆದ ತೂತಿದೆ ಅನ್ನೋದು ಸಹಜ ಸವಕಳಿ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಅದಕ್ಕೆ ವಿನಾಯಿತಿ ಕೊಟ್ಟಿದೆ. ಆದ್ರೆ “ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ” ಅಂತ ಅಗ್ರಿಮೆಂಟಿನಲ್ಲೇ ಇದ್ರೆ, ನಮ್ಮಲ್ಲಿ ಬಹಳಷ್ಟು ಅಗ್ರಿಮೆಂಟ್‌ಗಳಲ್ಲಿ ಇರುತ್ತೆ ಕೂಡ, ಅದರ ಮೇಲೆ ಜಗಳ ಆಡಿ ಪ್ರಯೋಜನ ಕಮ್ಮಿ. ಹಾಗಾಗಿ ಬರಬೇಕಾದ್ದು 57,750, ಪೇಂಟಿಂಗ್ ಷರತ್ತು ಇದ್ರೆ 49,750. ಓನರ್ ಹೇಳಿದ 9,750 ಎಲ್ಲಿ, ಇದೆಲ್ಲಿ!

ದುಡ್ಡು ಕೊಡೋವರೆಗೆ ಕೀ ಕೊಡಲ್ಲ ಅಂತ ಹಟ ಹಿಡಿಯಬೇಡಿ. ಕೀ ನಿಮ್ಮ ಹತ್ರ ಇರೋವರೆಗೆ ಬಾಡಿಗೆ ಓಡ್ತಾ ಇದೆ ಅಂತ ಅವರು ವಾದ ಮಾಡಬಹುದು. ಖಾಲಿ ಮನೆಯ ಪ್ರತಿ ರೂಮು, ನಲ್ಲಿ, ಕರೆಂಟ್ ಮೀಟರ್ ರೀಡಿಂಗ್ ಎಲ್ಲ ವಿಡಿಯೋ ಮಾಡಿ, ಕೀ ಕೊಟ್ಟಿದ್ದಕ್ಕೆ ಒಂದು ಸಾಲು ಬರೆಸ್ಕೊಳ್ಳಿ. ಓನರ್ ಬರಲೇ ಇಲ್ಲ ಅಂದ್ರೆ, “ಮನೆ ಖಾಲಿಯಾಗಿದೆ, ಕೀ ತಗೊಳ್ಳಿ” ಅಂತ ಅವತ್ತೇ ಮೆಸೇಜ್ ಹಾಕಿ.

ಇಷ್ಟಾದ್ರೂ ದುಡ್ಡು ಬರಲಿಲ್ವಾ? ಪೊಲೀಸ್ ಸ್ಟೇಷನ್‌ಗೆ ಹೋದ್ರೆ ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ ಅಂತ ವಾಪಸ್ ಕಳಿಸ್ತಾರೆ. ಅದರ ಬದಲು ಕೋರ್ಟ್ ಆವರಣದಲ್ಲಿರೋ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿ, ಕೇಸ್ ಹಾಕೋ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕರೀತಾರೆ. ಅಲ್ಲಿ ಆದ ಒಪ್ಪಂದ ಕೋರ್ಟ್ ಡಿಕ್ರಿಗೆ ಸಮ. ಓನರ್ ಬರಲ್ಲ, ಒಪ್ಪಲ್ಲ ಅಂದ್ರೆ ಮಾತ್ರ ವಕೀಲರ ಮೂಲಕ ಸಿವಿಲ್ ದಾವೆ. ಅದಕ್ಕೆ ಮೂರು ವರ್ಷದ ಗಡುವಿದೆ.

ಹಾಂ, ಇನ್ನೊಂದು. ಗೃಹಜ್ಯೋತಿಗೆ ಆ ಮನೆಯ ಆರ್.ಆರ್. ನಂಬರ್ ಜೊತೆ ನಿಮ್ಮ ಆಧಾರ್ ಲಿಂಕ್ ಆಗಿದ್ರೆ, ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಮಾಡಿಯೇ ಹೊರಡಿ. ಇಲ್ಲದಿದ್ರೆ ಹೊಸ ಮನೆಯಲ್ಲಿ ಅರ್ಜಿ ಹಾಕುವಾಗ ತೊಡಕಾಗುತ್ತೆ. ಮುಂದಿನ ವಾರ ಸಿಗೋಣ.