ಗಡ್ಡ ಹೋಯಿತು, ನೆರಳು ಉಳಿಯಿತು

ಸ್ಟುಡಿಯೊಗಳಿಗೆ ಒಂದು ದಿನದ ಮಟ್ಟಿಗೆ ಬೀಗ ಹಾಕಿ ಬಂದಿರುವ ಗೆಳೆಯ ಗೆಳತಿಯರೇ,

ಆಶಯ ಭಾಷಣವೆಂದರೆ ದೊಡ್ಡ ಮಾತು ಆಡಬೇಕಂತೆ. ನಾನು ನನ್ನದೇ ಒಂದು ಕೆಟ್ಟ ಕೆಲಸದಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ತೀರಿಹೋದ ತಂದೆಯ ಫೋಟೊ ತಂದರು. ಅಯ್ಯಪ್ಪ ಮಾಲೆ ಹಾಕಿದ್ದಾಗ ಮೊಬೈಲಿನಲ್ಲಿ ತೆಗೆದದ್ದು, ತಿಂಗಳ ಗಡ್ಡ. "ಅಪ್ಪ ಜೀವಮಾನವಿಡೀ ಮೀಸೆಯಲ್ಲೇ ಇದ್ದವರು ಸರ್. ವೈಕುಂಠ ಸಮಾರಾಧನೆಗೆ ಇಡಬೇಕು, ಗಡ್ಡ ಮಾತ್ರ ತೆಗೆದುಕೊಡಿ" ಅಂದರು. ಕೆನ್ನೆಯ ಚರ್ಮವನ್ನೇ Clone Stamp ಹಿಡಿದು ಕೆಳಗೆಳೆದು, ಅರ್ಧ ಗಂಟೆಯಲ್ಲಿ ಮುಗಿಸಿದೆ. ನೋಡಿದ ಕೂಡಲೇ ಅವರು ಅಂದದ್ದು: "ಅಪ್ಪನ ಮುಖ ಊದಿಕೊಂಡಿದೆಯಲ್ಲ?"

ಊದಿಕೊಂಡಿತ್ತು, ನಿಜ. ಗಡ್ಡದ ಹೊರ ಅಂಚನ್ನೇ ನಾನು ಗದ್ದದ ಅಂಚು ಅಂದುಕೊಂಡಿದ್ದೆ. ತಿಂಗಳ ಗಡ್ಡ ಗದ್ದದಿಂದ ಸುಮಾರು ಒಂದು ಬೆರಳಿನಷ್ಟು ಕೆಳಗಿಳಿದಿರುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಕುತ್ತಿಗೆಯ ಮೇಲಿತ್ತು. ಗಡ್ಡ ಅಳಿಸಿದ್ದೆ, ಗಡ್ಡ ಬೀರಿದ್ದ ನೆರಳನ್ನು ಹಾಗೇ ಬಿಟ್ಟಿದ್ದೆ. ಇಲ್ಲದ ವಸ್ತುವಿಗೆ ನೆರಳಿದ್ದರೆ ನೋಡುವವರಿಗೆ ಕಾರಣ ಹೇಳಲು ಬರದಿರಬಹುದು, ಏನೋ ಸರಿಯಿಲ್ಲವೆಂದಂತೂ ಗೊತ್ತಾಗಿಬಿಡುತ್ತದೆ.

ಮತ್ತೆ ಕೂತೆ. ಮೊದಲು ಗದ್ದ ಎಲ್ಲಿದೆ ಎಂದು ಹುಡುಕಬೇಕು. ಅವರ ಮನೆಯಿಂದ ಹಳೆಯ ಮದುವೆ ಫೋಟೊ ತರಿಸಿದೆ. ಮೂಗಿನ ಬುಡದಿಂದ ತುಟಿಗಳ ಸಂದಿಗೆ ಒಂದು ಪಾಲಾದರೆ, ಅಲ್ಲಿಂದ ಗದ್ದದ ತುದಿಗೆ ಸುಮಾರು ಎರಡು ಪಾಲು ಎಂಬುದು ಚಿತ್ರಕಾರರ ಹಳೆಯ ಲೆಕ್ಕ. ಇವರದು ಎರಡಕ್ಕೆ ಕೊಂಚ ಕಡಿಮೆಯಿತ್ತು. ಆ ಅಳತೆಯನ್ನೇ ಹೊಸ ಫೋಟೊಗೆ ತಂದು ದವಡೆಯ ಗೆರೆ ಎಳೆದೆ. ವಯಸ್ಸಿಗೆ ತಕ್ಕಂತೆ ಚರ್ಮ ಒಂದಿಷ್ಟು ಇಳಿದಿರಲೆಂದು ಗೆರೆಯನ್ನು ಸಡಿಲ ಬಿಟ್ಟೆ.

ಆಮೇಲೆ ಬೆಳಕು. ಕಣ್ಣುಗುಡ್ಡೆಯ ಮಿಂಚು ಎಡ ಮೇಲ್ಭಾಗದಲ್ಲಿತ್ತು, ಮೂಗಿನ ನೆರಳು ಬಲಕ್ಕೆ ಬಿದ್ದಿತ್ತು. ಹಾಗಾದರೆ ದವಡೆಯ ನೆರಳೂ ಬಲಕ್ಕೇ ವಾಲಬೇಕು. ಕುತ್ತಿಗೆಯ ಹಳೆಯ ನೆರಳನ್ನು ತಿಳಿಗೊಳಿಸಿ, Multiply ಪದರದಲ್ಲಿ ಹೊಸದನ್ನು ಬಿಡಿಸಿದೆ. ಬಣ್ಣಕ್ಕೆ ಕಪ್ಪು ಬೇಡ, ಬೂದಿ ಬಳಿದಂತೆ ಕಾಣುತ್ತದೆ. ಮೂಗಿನಡಿಯ ನೆರಳಿನಿಂದಲೇ ಕೆಂಗಂದು ಎತ್ತಿಕೊಳ್ಳಿ. ದವಡೆಗೆ ತಾಗಿದಲ್ಲಿ ನೆರಳಿನ ಅಂಚು ಬಿಗಿಯಾಗಿರಲಿ, ಕೆಳಗಿಳಿದಂತೆ ಮಸುಕಾಗಲಿ.

ಇಷ್ಟಾದರೂ ಮುಖ ಮಗುವಿನದರಂತಿತ್ತು. ಕ್ಷೌರ ಮಾಡಿಸಿಕೊಂಡ ಗಂಡಸಿನ ದವಡೆ ಕೆನ್ನೆಯ ಬಣ್ಣದಲ್ಲಿ ಇರುವುದಿಲ್ಲ, ಚರ್ಮದಡಿಯ ಕೂದಲ ಬೇರುಗಳಿಂದ ಅಲ್ಲೊಂದು ನಸು ಬೂದು ಇರುತ್ತದೆ. ಅದನ್ನು ತೆಳ್ಳಗೆ ಮರಳಿಸಿದ ಮೇಲಷ್ಟೇ ಅವರು ದೊಡ್ಡವರಾದರು.

ಕಷ್ಟವಾದದ್ದು ಮೀಸೆಯ ತುದಿ. ಗಡ್ಡದೊಂದಿಗೆ ಬೆರೆತಿದ್ದ ಜಾಗದಲ್ಲಿ ಕತ್ತರಿಸಿದರೆ ಮೀಸೆ ಅಂಟಿಸಿದಂತಾಗುತ್ತದೆ. ಅಲ್ಲಿ ಒಂದೊಂದೇ ಕೂದಲು ಬಿಡಿಸಬೇಕು. ದಪ್ಪಕ್ಕೆ ಅದೇ ಫೋಟೊದ ಮೀಸೆಯ ಕೂದಲೇ ಅಳತೆ. ಬುಡದಲ್ಲಿ ಕುಂಚ ಊರಿ, ತುದಿಗೆ ತೆಳುವಾಗಿಸಿ ಎತ್ತಬೇಕು. ಮೂಗಿನ ಕೆಳಗಿನ ಹಳ್ಳದಲ್ಲಿ ಕೂದಲು ನೇರ ಕೆಳಗೆ, ಪಕ್ಕಕ್ಕೆ ಸರಿದಂತೆ ಬಾಯಿಯ ಮೂಲೆಯತ್ತ ಓರೆ. ಗಡ್ಡ ಸೇರಿಸುವವರು ಇನ್ನೊಂದು ನೆನಪಿಡಿ: ಕೆನ್ನೆಯಲ್ಲಿ ಕೂದಲು ಕೆಳಮುಖ, ಕುತ್ತಿಗೆಯಲ್ಲಿ ಹಲವರಿಗೆ ಅಡ್ಡ ಅಥವಾ ಮೇಲ್ಮುಖ. ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ, ನಮ್ಮ ಬೀದಿಯ ಕ್ಷೌರದಂಗಡಿಯವರು.

ನಮ್ಮ ಹಿಂದಿನವರಿಗೆ ಇದು ಇನ್ನೂ ವಿಚಿತ್ರ ಕೆಲಸ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತಿತ್ತು, ಕಪ್ಪಾಗಬೇಕಿದ್ದರೆ ಚಾಕುವಿನಿಂದ ಕೆರೆಯಬೇಕಿತ್ತು. ಅಂದರೆ ಪೆನ್ಸಿಲ್ಲಿನಿಂದ ಮೀಸೆ ತೆಗೆಯುವುದು, ಚಾಕುವಿನಿಂದ ಮೀಸೆ ಇಡುವುದು!

ಕೋಟಿಗಟ್ಟಲೆ ಸುರಿದರೂ ತಪ್ಪುವುದುಂಟು. 2017ರ 'ಜಸ್ಟಿಸ್ ಲೀಗ್' ಚಿತ್ರದ ಮರುಚಿತ್ರೀಕರಣದ ವೇಳೆ ಹೆನ್ರಿ ಕ್ಯಾವಿಲ್ ಇನ್ನೊಂದು ಚಿತ್ರಕ್ಕಾಗಿ ಬಿಟ್ಟಿದ್ದ ಮೀಸೆಯನ್ನು ಬೋಳಿಸುವಂತಿರಲಿಲ್ಲ. ಕಂಪ್ಯೂಟರಿನಲ್ಲಿ ಅಳಿಸಿದರು. ಮಾತಾಡುವಾಗ ಮೇಲ್ದುಟಿ ಸೆಟೆದುಕೊಂಡಂತಿದೆ ಎಂದು ಜಗತ್ತೇ ನಕ್ಕಿತು. ಅಲುಗದ ಫೋಟೊ ನಮ್ಮ ಪುಣ್ಯ.

ಕೆಲಸ ಮುಗಿದ ಮೇಲೆ ಫೋಟೊವನ್ನು ಅಡ್ಡಕ್ಕೆ ಮಗುಚಿ ನೋಡಿ, ಕಪ್ಪು ಬಿಳುಪಾಗಿಸಿ ನೋಡಿ, ಬೆರಳುಗುರಿನಷ್ಟು ಚಿಕ್ಕದಾಗಿಸಿಯೂ ನೋಡಿ. ನೆರಳಿನ ತಪ್ಪು ಚಿಕ್ಕದರಲ್ಲೇ ಬೇಗ ಸಿಗುತ್ತದೆ. ಎರಡನೆಯ ಸಲ ಆ ಮಗಳು ಏನೂ ಹೇಳಲಿಲ್ಲ, ಫ್ರೇಮ್ ಯಾವುದೆಂದು ಕೇಳಿದರು.

ಗುರುತಿನ ಚೀಟಿಗೆ, ಪಾಸ್‌ಪೋರ್ಟಿಗೆ ಮೀಸೆ ಗಡ್ಡ ತಿದ್ದಿ ಕೊಡಿ ಎಂದು ಬಂದವರನ್ನು ದಯವಿಟ್ಟು ವಾಪಸ್ ಕಳಿಸಿ. ಉಳಿದವರಿಗೆ ತಿದ್ದಿದ ಫೋಟೊದ ಜೊತೆ ಮೂಲ ಫೈಲನ್ನೂ ಕೊಟ್ಟು ಕಳಿಸಿ.