ಬೆಳಗಿನ ಜಾವದ ಎರಡು ಬಿಳಿ ಎತ್ತುಗಳು



ಬಿ.ಸಿ.ರೋಡಿನಿಂದ ಬಂಟ್ವಾಳ ಪೇಟೆ ದಾಟಿ ಹೊರಟ ಬಸ್ಸುಗಳಲ್ಲಿ ಕೆಲವು ಮೂಡುಬಿದಿರೆಗೆ ಹೋಗುತ್ತವೆ, ಕೆಲವು ಬೆಳ್ತಂಗಡಿ, ಉಜಿರೆ ಹಾದು ಧರ್ಮಸ್ಥಳ ಸೇರುತ್ತವೆ. ಈ ಎರಡು ದಾರಿಗಳ ತುದಿಯಲ್ಲೂ ಒಂದೊಂದು ಕನಸು ಇದೆ. ಮೂಡುಬಿದಿರೆಯದು ತಾಳೆಗರಿಯಲ್ಲಿ ಉಳಿದಿದೆ, ಧರ್ಮಸ್ಥಳದ್ದು ಜನರ ಬಾಯಲ್ಲಿ ಉಳಿದಿದೆ. ದೇವರನ್ನೋ ಗುರುವನ್ನೋ ಕನಸಿನಲ್ಲಿ ಕಂಡವರು ಅದನ್ನು ಅನುಗ್ರಹವೆಂದು ಹೇಗೆ ಅರಿತರು ಎಂಬುದನ್ನು ಇವತ್ತು ಈ ಎರಡರ ಜೊತೆಗೇ ಹೇಳಬೇಕೆಂದಿದ್ದೇನೆ.

ಪಾಣೆಮಂಗಳೂರಿನ ನನ್ನ ಅಜ್ಜಿಗೆ ಕನಸಿನಲ್ಲಿ ದೇವರು ಕಾಣಿಸಿದರೆ ಮತ್ತೆ ಮಲಗುತ್ತಿರಲಿಲ್ಲ. ಕತ್ತಲಲ್ಲೇ ಎದ್ದು ಬಾವಿಕಟ್ಟೆಗೆ ಹೋಗಿ ಮುಖ ತೊಳೆದು, ದೀಪ ಹಚ್ಚಿ, ಕಂಡದ್ದನ್ನು ಮೊದಲು ದೇವರ ಮುಂದೆಯೇ ಹೇಳುತ್ತಿದ್ದರು. ಮನೆಯವರಿಗೆ ಹೇಳುತ್ತಿದ್ದುದು ಆಮೇಲೆ. ಅದು ಅವರೊಬ್ಬರ ಪದ್ಧತಿ ಎಂದುಕೊಂಡಿದ್ದೆ. ಒಳ್ಳೆಯ ಕನಸು ಕಂಡ ಮೇಲೆ ಮತ್ತೆ ನಿದ್ದೆ ಮಾಡಬಾರದು ಎಂಬ ಮಾತು ಪುರಾಣಗಳಲ್ಲೂ ಇದೆ ಎಂದು ತಿಳಿದದ್ದು ಬಹಳ ವರ್ಷಗಳ ನಂತರ. ರಾತ್ರಿಯ ಮೊದಲ ಜಾವದ ಕನಸು ಫಲಿಸಲು ಒಂದು ವರ್ಷ, ಎರಡನೆಯದಕ್ಕೆ ಆರು ತಿಂಗಳು, ಮೂರನೆಯದಕ್ಕೆ ಮೂರು ತಿಂಗಳು, ಅರುಣೋದಯದ ಕನಸಿಗೆ ಹತ್ತೇ ದಿನ ಎಂದು ಅಗ್ನಿಪುರಾಣ ಲೆಕ್ಕ ಕೊಡುತ್ತದೆ. ಬೆಳಗಿನ ಜಾವದ ಕನಸು ಸುಳ್ಳಾಗದು ಎಂಬ ನಮ್ಮ ಊರಿನ ಮಾತಿನ ಹಿಂದೆ ಈ ಲೆಕ್ಕವಿದೆ.

ಮೂಡುಬಿದಿರೆಯ ಕನಸೂ ಬೆಳಗಿನ ಜಾವದ್ದೇ. ಅಲ್ಲಿನ ಗುರು ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ಧವಲ ಎಂಬ ಮಹಾಗ್ರಂಥದ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಅಲ್ಲಿ ಉಳಿದು ಬಂದವು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ವ್ಯಾಖ್ಯಾನ ಅದು. ಗ್ರಂಥ ಹುಟ್ಟಿದ ಕಥೆಯನ್ನು ವೀರಸೇನರು ಅದರ ಆರಂಭದಲ್ಲೇ ಹೇಳುತ್ತಾರೆ.

ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನರೆಂಬ ಆಚಾರ್ಯರಿದ್ದರು. ಪರಂಪರೆಯಿಂದ ಬಂದ ಶ್ರುತಜ್ಞಾನ ತಮ್ಮೊಂದಿಗೇ ಮುಗಿದುಹೋದೀತೆಂಬ ಭಯ ಅವರಿಗಿತ್ತು. ದಕ್ಷಿಣಾಪಥದ ಆಚಾರ್ಯರಿಗೆ ಅವರು ಓಲೆ ಕಳುಹಿಸಿದರು. ಅಲ್ಲಿಂದ ಇಬ್ಬರು ಮುನಿಗಳು ಹೊರಟರು. ಅವರು ಬಂದು ತಲುಪುವ ದಿನ, ರಾತ್ರಿ ಕಳೆಯುವ ಹೊತ್ತಿನಲ್ಲಿ, ಧರಸೇನರಿಗೆ ಕನಸು ಬಿತ್ತು. ಅಚ್ಚ ಬಿಳಿಯ ಎರಡು ಎತ್ತುಗಳು ಮೂರು ಸುತ್ತು ಪ್ರದಕ್ಷಿಣೆ ಬಂದು ಅವರ ಪಾದಕ್ಕೆರಗಿದವು. ಎಚ್ಚರವಾದೊಡನೆ ಅವರು ಶ್ರುತದೇವತೆಗೆ ಜಯಕಾರ ಹೇಳಿದರು. ಅಂದೇ ಆ ಇಬ್ಬರು ಬಂದರು.

ಧರಸೇನರು ಅಷ್ಟಾಂಗ ನಿಮಿತ್ತಗಳನ್ನು ಬಲ್ಲವರು. ಆ ಎಂಟರಲ್ಲಿ ಸ್ವಪ್ನವೂ ಒಂದು. ಆದರೂ ಕನಸು ಶುಭವಾಗಿತ್ತೆಂದು ಅವರು ಪಾಠ ಶುರು ಮಾಡಲಿಲ್ಲ. ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟು, ಎರಡು ದಿನ ಉಪವಾಸವಿದ್ದು ಸಾಧಿಸಿ ಬನ್ನಿ ಎಂದರು. ಒಂದರಲ್ಲಿ ಬೇಕೆಂದೇ ಒಂದಕ್ಷರ ಹೆಚ್ಚು ಸೇರಿಸಿದ್ದರು, ಇನ್ನೊಂದರಲ್ಲಿ ಒಂದಕ್ಷರ ಬಿಟ್ಟಿದ್ದರು. ಸಾಧನೆ ಮುಗಿದಾಗ ದೇವತೆಗಳು ಕಾಣಿಸಿಕೊಂಡರು. ಒಬ್ಬಳ ಹಲ್ಲು ಹೊರಕ್ಕೆ ಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳಿಗೆ ಅಂಗವಿಕಾರ ಸಹಜವಲ್ಲ, ದೋಷ ಮಂತ್ರದಲ್ಲೇ ಇರಬೇಕು ಎಂದು ಶಿಷ್ಯರು ಯೋಚಿಸಿದರು. ಮಂತ್ರವ್ಯಾಕರಣದಿಂದ ಅಕ್ಷರ ತಿದ್ದಿ ಮತ್ತೆ ಜಪಿಸಿದರು. ದೇವತೆಗಳು ನಿಜರೂಪದಲ್ಲಿ ಬಂದರು. ಇದನ್ನು ಕೇಳಿದ ಮೇಲೆಯೇ ಧರಸೇನರು ಪಾಠ ಆರಂಭಿಸಿದ್ದು.

ಈ ಕಥೆಯನ್ನು ಎಷ್ಟು ಸಲ ಓದಿದರೂ ನನಗೆ ಸಾಕಾಗುವುದಿಲ್ಲ. ದರ್ಶನವಾಗುವುದು ಒಂದು, ಆದ ದರ್ಶನ ಸರಿಯೇ ಎಂದು ನೋಡುವುದು ಇನ್ನೊಂದು. ಕಣ್ಣೆದುರು ದೇವತೆಯೇ ನಿಂತಾಗ ಮಂತ್ರದ ಅಕ್ಷರ ಎಣಿಸಲು ಎಷ್ಟು ಶ್ರದ್ಧೆ ಬೇಕು! ಆ ಇಬ್ಬರು ಪುಷ್ಪದಂತ ಮತ್ತು ಭೂತಬಲಿ. ಮುಂದೆ ಪುಷ್ಪದಂತರು ನಮ್ಮ ಬನವಾಸಿಯ ನಾಡಿಗೆ ಬಂದು ಸೂತ್ರಗಳ ಮೊದಲ ಭಾಗ ರಚಿಸಿದರು. ಉಳಿದುದನ್ನು ಭೂತಬಲಿ ಪೂರ್ಣಗೊಳಿಸಿದರು.

ವೀರಸೇನರ ಶಿಷ್ಯ ಜಿನಸೇನರು ಸಂಸ್ಕೃತ ಆದಿಪುರಾಣದಲ್ಲಿ ಈ ಎಚ್ಚರಿಕೆಯನ್ನು ನಿಯಮವಾಗಿ ಹೇಳುತ್ತಾರೆ. ಭರತ ಚಕ್ರವರ್ತಿ ಹದಿನಾರು ಕನಸು ಕಂಡು ಅರ್ಥ ಕೇಳುವ ಸಂದರ್ಭ ಅದು. ದೇಹದ ಧಾತುಗಳು ಸಮವಾಗಿದ್ದಾಗ ಕಂಡ ಕನಸು ಸತ್ಯ, ಅವು ಕೆಟ್ಟಿದ್ದಾಗ ಕಂಡದ್ದು ಮಿಥ್ಯೆ. ವಾತ ಪಿತ್ತಗಳ ದೋಷದಿಂದ ಹುಟ್ಟಿದ್ದು ಒಂದು ಬಗೆ, ದೈವದಿಂದ ಬಂದದ್ದು ಇನ್ನೊಂದು. ಜ್ವರದಲ್ಲಿ ಕಂಡದ್ದನ್ನೆಲ್ಲ ಸೂಚನೆಯೆಂದು ತಿಳಿಯುವಂತಿಲ್ಲ.

ಈಗ ಧರ್ಮಸ್ಥಳದ ದಾರಿ ಹಿಡಿಯೋಣ. ಸುಮಾರು ಎಂಟುನೂರು ವರ್ಷಗಳ ಹಿಂದೆ ಮಲ್ಲರಮಾಡಿಯ ಕುಡುಮದಲ್ಲಿ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಳ್ಳಾಲ್ತಿ ಎಂಬ ಜೈನ ದಂಪತಿ ಇದ್ದರೆಂದು ಕ್ಷೇತ್ರದ ಪರಂಪರೆ ಹೇಳುತ್ತದೆ. ಅವರ ಮನೆ ನೆಲ್ಯಾಡಿ ಬೀಡು. ಧರ್ಮ ನಡೆಯುವ ತಾಣವನ್ನು ಹುಡುಕುತ್ತ ಧರ್ಮದೈವಗಳು ಮನುಷ್ಯರೂಪದಲ್ಲಿ ಅಲ್ಲಿಗೆ ಬಂದವು. ಬಂದವರು ಯಾರೆಂದು ತಿಳಿಯದೆಯೇ ದಂಪತಿ ಆದರದಿಂದ ಸತ್ಕರಿಸಿದರು. ಅಂದು ರಾತ್ರಿ ದೈವಗಳು ಪೆರ್ಗಡೆಯವರ ಕನಸಿನಲ್ಲಿ ಬಂದು ತಾವು ಯಾರೆಂದು ಹೇಳಿ, ಈ ಮನೆಯನ್ನು ನಮಗೆ ಬಿಟ್ಟುಕೊಡು ಎಂದವು. ಪೆರ್ಗಡೆ ಬೇರೆ ಮನೆ ಕಟ್ಟಿಕೊಂಡರು. ಮತ್ತೊಮ್ಮೆ ಅಪ್ಪಣೆಯಾದಾಗ ಕಾಳರಾಹು, ಕಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಎಂಬ ನಾಲ್ಕು ದೈವಗಳಿಗೆ ಗುಡಿ ಕಟ್ಟಿದರು. ಪೂಜೆಗೆ ಬಂದ ಬ್ರಾಹ್ಮಣರು ಶಿವಲಿಂಗವೂ ಬೇಕೆಂದಾಗ ಅಣ್ಣಪ್ಪ ದೈವ ಕದ್ರಿಯಿಂದ ಮಂಜುನಾಥನ ಲಿಂಗ ತಂದಿತು.

ಇಲ್ಲಿ ಘಟನೆಗಳ ಕ್ರಮ ನೋಡಿ. ಊಟ ಹಾಕಿದ್ದು ಮೊದಲು, ಕನಸು ಬಿದ್ದದ್ದು ಆಮೇಲೆ. ಅಂದರೆ ಪರೀಕ್ಷೆ ಹಗಲಿನಲ್ಲೇ ನಡೆದಿತ್ತು. ಅಲ್ಲಿ ಪರೀಕ್ಷೆಗೆ ಒಳಗಾದದ್ದು ಕನಸಲ್ಲ, ಕನಸು ಕಾಣಬೇಕಾದವರು. ಅನುಗ್ರಹವೆಂದರೆ ಏನೋ ಸಿಗುವುದು ಎಂದುಕೊಳ್ಳುತ್ತೇವೆ. ಪೆರ್ಗಡೆಗೆ ಆದ ಅನುಗ್ರಹದ ಮೊದಲ ಮಾತೇ ಮನೆ ಖಾಲಿ ಮಾಡು ಎಂಬುದು. ವಂಶದ ರಕ್ಷಣೆ, ಕ್ಷೇತ್ರದ ಕೀರ್ತಿ ಎಂಬ ವಾಗ್ದಾನಗಳು ಅದರ ನಂತರ ಬಂದವು.

ಗುರು ಕನಸಿನಲ್ಲಿ ಬಂದಾಗಲೂ ಕೆಲಸ ಕೊಟ್ಟೇ ಹೋಗುತ್ತಾರೆ. ರಾಯಚೂರು ಸೀಮೆಯ ಚೀಕಲಪರ್ವಿಯ ವಿಜಯದಾಸರಿಗೆ ಕಾಶಿಯಲ್ಲಿ ಪುರಂದರದಾಸರು ಕನಸಿನಲ್ಲಿ ಬಂದು ನಾಲಗೆಯ ಮೇಲೆ ವಿಜಯವಿಠಲ ಎಂಬ ಅಂಕಿತ ಬರೆದರೆಂದು ದಾಸಪರಂಪರೆ ನಂಬುತ್ತದೆ. ಪುರಂದರದಾಸರು 1564ರಲ್ಲೇ ತೀರಿಕೊಂಡಿದ್ದರು, ವಿಜಯದಾಸರು ಹುಟ್ಟಿದ್ದು 1682ರಲ್ಲಿ. ನೂರು ವರ್ಷಕ್ಕೂ ಹೆಚ್ಚಿನ ಆ ಅಂತರವನ್ನು ಒಂದು ನಿದ್ದೆ ದಾಟಿಸಿತು. ಅಲ್ಲಿಂದ ಮುಂದೆ ವಿಜಯದಾಸರ ಬದುಕೆಲ್ಲ ಆ ಅಂಕಿತದಲ್ಲಿ ಸುಳಾದಿಗಳನ್ನು ರಚಿಸುವುದರಲ್ಲೇ ಕಳೆಯಿತು.

ಇಂದಿಗೂ ನಮ್ಮ ತಾಲೂಕುಗಳಲ್ಲಿ ಒಂದು ಕನಸು ಮತ್ತೆ ಮತ್ತೆ ಕಾಡಿದರೆ, ಅದರಲ್ಲೂ ನಾಗನೋ ಕುಟುಂಬದ ದೈವವೋ ಕಂಡರೆ, ಹಿರಿಯರು ವೀಳ್ಯದೆಲೆ ಹಿಡಿದು ತಾಂಬೂಲ ಪ್ರಶ್ನೆಗೆ ಹೋಗುತ್ತಾರೆ. ಹನ್ನೆರಡು ಎಲೆಗಳನ್ನು ಹನ್ನೆರಡು ಭಾವಗಳೆಂದು ಎಣಿಸಿ, ಯಾವುದು ಬಾಡಿದೆ, ಯಾವುದು ಹರಿದಿದೆ, ಯಾವುದಕ್ಕೆ ತೂತು ಬಿದ್ದಿದೆ ಎಂದು ಜ್ಯೋತಿಷಿ ನೋಡುತ್ತಾರೆ. ಕಂಡವನ ಮಾತೊಂದೇ ಸಾಲದು, ಹೊರಗಿನ ಗುರುತೊಂದು ಬೇಕು ಎಂಬ ಹಳೆಯ ಎಚ್ಚರಿಕೆ ಇದು. ಆದರೆ ಎಡವುವುದೂ ಇಲ್ಲಿಯೇ. ಶುಭವಾದ ಕನಸನ್ನೂ ಹೆದರಿಕೆಯಿಂದ ದೋಷವೆಂದೇ ಓದಿ, ಸಾಲ ಮಾಡಿ ಪರಿಹಾರಕ್ಕೆ ಹೊರಟವರನ್ನು ನಾನು ಕಂಡಿದ್ದೇನೆ. ಆ ಮನೆಗಳ ಸಂಕಟ ನೆನೆದರೆ ಈಗಲೂ ಮನಸ್ಸು ಹಿಂಡುತ್ತದೆ. ಪಾದಕ್ಕೆರಗಿದ ಎತ್ತುಗಳನ್ನು ಕಂಡು ಧರಸೇನರು ಹೆದರಲಿಲ್ಲ, ಬರುವವರಿಗಾಗಿ ಕಾದರು.

ಅಜ್ಜಿ ಕೊನೆಯ ವರ್ಷಗಳಲ್ಲಿ ಒಮ್ಮೆ ಕನಸಿನಲ್ಲಿ ಕ್ಷೇತ್ರದ ದೀಪ ಕಂಡಿದ್ದರು. ಅಷ್ಟು ಹೊತ್ತಿಗೆ ನಡೆಯುವ ಶಕ್ತಿ ಇರಲಿಲ್ಲ. ಅಂದು ಅನ್ನಕ್ಕೆ ಒಂದು ಸೇರು ಅಕ್ಕಿ ಹೆಚ್ಚು ಹಾಕಿಸಿ, ಮಧ್ಯಾಹ್ನದವರೆಗೆ ಚಾವಡಿಯಲ್ಲಿ ದಾರಿ ನೋಡುತ್ತ ಕುಳಿತಿದ್ದರು. ನಾರುಹಗ್ಗ ಮಾರುವವನೊಬ್ಬ ಅಂಗಳಕ್ಕೆ ಬಂದ. ಅಜ್ಜಿ ಅವನನ್ನು ಒಳಗೆ ಕರೆದು ಬಾಳೆಲೆ ಹಾಕಿಸಿದರು.