ಮೂರನೇ ಮೆಟ್ಟಿಲು

ಇವತ್ತು ಮಹಾಲಿಂಗಪುರದ ಒಂದು ಮನೆಯ ಸಣ್ಣ ಕಥೆ ಹೇಳುತ್ತೇನೆ.

ಸಾಲಿ ಸೂಟಿಯಲ್ಲಿ ಮೊಮ್ಮಗಳು ಆಯಿಯ ಇಳಕಲ್ ಸೀರೆಯ ಸೆರಗು ಹಿಡಿದು, ಅದರ ಮೇಲಿನ ಕಸೂತಿ ಗೋಪುರ ಹಾಕುವುದನ್ನು ತನಗೂ ಕಲಿಸು ಎಂದು ಗಂಟುಬಿದ್ದಳು. ಕಸೂತಿಗೆ ಬರೆದ ಗೆರೆ ಇರುವುದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಇಳಕಲ್ ಸೀರೆಯ ಎಳೆ ಬಹಳ ಸಣ್ಣ. ಅದಕ್ಕೇ ಆಯಿ ಎಳೆ ಬಿಡಿಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆಯ ತುಂಡು ಕೊಟ್ಟಳು.

ಹುಡುಗಿ ದಾರಕ್ಕೆ ಗಂಟು ಹಾಕಿಯೇ ಶುರುಮಾಡಿದಳು. ಆಯಿ ಬಟ್ಟೆಯ ಹಿಂದೆ ಬೆರಳಾಡಿಸಿ ತಡೆದಳು. “ಗಂಟ್ ಬ್ಯಾಡವಾ. ಹಿಂದಿನ ಮಾರಿನೂ ಮುಂದಿನಂಗ ಕಾಣಬೇಕು. ಒಂದೀಟು ದಾರ ಬಿಟ್ಟು ಹೋಗು, ಕಡೀಕ ಹೊಲಿಗಿ ಅಡಿ ಸೇರಿಸೂಣು.”

ತಳದ ಗೆರೆ ಗವಂತಿ. ಹೋಗುವಾಗ ನಾಲ್ಕು ಎಳೆ ಹೊಲಿದು ನಾಲ್ಕು ಬಿಡುವುದು, ಬರುವಾಗ ಬಿಟ್ಟಿದ್ದನ್ನು ತುಂಬುವುದು. ಅದರ ಮೇಲೆ ಮುರಗಿ, ಅಂದರೆ ಮೆಟ್ಟಿಲು. ನಾಲ್ಕು ಎಳೆ ಮೇಲಕ್ಕೆ, ನಾಲ್ಕು ಪಕ್ಕಕ್ಕೆ. ಹೋಗುವಾಗ ನಿಂತ ಹೊಲಿಗೆಗಳಷ್ಟೇ ಮುಂದೆ ಕಾಣುತ್ತವೆ, ಮಲಗಿದವು ಹಿಂದೆ ಬೀಳುತ್ತವೆ. ಮರಳಿ ಬರುವಾಗ ಅದೇ ತೂತುಗಳಲ್ಲಿ ಸೂಜಿ ಹಾಯಿಸಿ ಇದನ್ನು ತಿರುವುಮುರುವು ಮಾಡಬೇಕು. ಮೊದಲಿನ ದಾರವನ್ನು ಸೂಜಿ ಸೀಳಿದರೆ ಗೆರೆ ಅಲ್ಲೇ ಒರಟಾಗುತ್ತದೆ.

ನಾಲ್ಕು ಮೆಟ್ಟಿಲು ಏರಿ ನಾಲ್ಕು ಇಳಿದಾಗ ಕೊನೆಯ ಹೊಲಿಗೆ ತಳಗೆರೆ ಮುಟ್ಟಲಿಲ್ಲ. ಒಂದೇ ಎಳೆ ಮೇಲೆ ನಿಂತಿತು. ಹುಡುಗಿ ಆ ಹೊಲಿಗೆಯನ್ನು ಬಿಚ್ಚಿ, ನಾಲ್ಕರ ಬದಲು ಐದು ಎಳೆಗೆ ಎಳೆದು ಮುಟ್ಟಿಸಿಬಿಟ್ಟಳು. ಆಯಿ ನೋಡಿದಳು, ಬೇಡ ಅನ್ನಲಿಲ್ಲ. ಮರಳಿ ಬರುವ ಸುತ್ತೂ ಮುಗಿಯಲಿ ಎಂದು ಕಾದಳು. ನನಗೆ ಈ ಕಾಯುವಿಕೆ ಬಹಳ ಇಷ್ಟ.

ಆಮೇಲೆ ಆಯಿ ಗೋಪುರದ ನಡುವೆ ಬಟ್ಟೆ ಮಡಚಿ ಬೆಳಕಿಗೆ ಹಿಡಿದಳು. ಎಡದ ಮೆಟ್ಟಿಲು ಬಲದ ಮೆಟ್ಟಿಲಿನ ಮೇಲೆ ಕೂರಲೇ ಇಲ್ಲ.

“ತಪ್ಪು ಕಡೀಕ ಇಲ್ಲವಾ, ಹಿಂದ ಐತಿ. ಹುಡುಕು.”

ಹುಡುಗಿ ಸೂಜಿಮೊನೆಯಿಂದ ಒಂದೊಂದು ಹೊಲಿಗೆಯ ಎಳೆ ಎಣಿಸುತ್ತ ಹಿಂದೆ ಹೋದಳು. ಬಲಬದಿಯ ಮೇಲಿನ ಮೂರೂ ಸರಿ. ಎಡಬದಿಯಲ್ಲಿ ಏರುವಾಗ ಮೂರನೇ ಮೆಟ್ಟಿಲಿಗೆ ಐದು ಎಳೆ ಬಿದ್ದಿತ್ತು. ಅಲ್ಲಿ ಹೆಚ್ಚಾದ ಎಳೆಯೇ ಇಲ್ಲಿ ಕಡಿಮೆಯಾಗಿ ಕಂಡಿತ್ತು.

“ಬಿಚ್ಚಲೇನ ಆಯಿ?”

“ಬ್ಯಾಡ. ಇದು ನಮೂನಿ ಬಟ್ಟಿ. ಬಾಜೂಕ ಇನ್ನೊಂದು ಹಾಕು.”

ಎರಡನೇ ಗೋಪುರದ ತುದಿ ಮೊದಲಿನದಕ್ಕಿಂತ ಒಂದು ಎಳೆ ತಗ್ಗಿಗೆ ನಿಂತಿತು. ಅದರ ಬಲಗಾಲು ತಳಗೆರೆಯನ್ನು ನಾಲ್ಕೇ ಎಳೆಗೆ ಮುಟ್ಟಿತು.

ನಿಮ್ಮ ಮನೆಯಲ್ಲಿ ಕಸೂತಿ ಸೀರೆ ಇದ್ದರೆ ಇವತ್ತೊಮ್ಮೆ ತಿರುವಿ, ಅದರ ಹಿಂಬದಿ ನೋಡಿ. ಹಾಕಿದವರು ಮನೆಯಲ್ಲೇ ಇದ್ದರೆ, ಒಂದು ಮೆಟ್ಟಿಲು ಹಾಕಿ ತೋರಿಸಿ ಎಂದು ಕೇಳಿ.